ಪಟ ಕೊಟ್ಟವರು ಬೇರೆ, ಹಕ್ಕುಳ್ಳವರು ಬೇರೆ



ಈ ಮಾಲಿಕೆಗೆ ಬರುವ ಕಾಗದಗಳಲ್ಲಿ ಒಂದು ದೂರು ಮತ್ತೆ ಮತ್ತೆ ಬರುತ್ತಿದೆ. "ನಮ್ಮೂರಿನ ಚರಿತ್ರೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದೇವೆ. ಹಳೆಯ ಫೋಟೊಗಳನ್ನು ದುಡ್ಡು ಕೊಟ್ಟೇ ತಂದಿದ್ದೇವೆ. ಕೊಟ್ಟವರು ಬಳಸಿಕೊಳ್ಳಿ ಅಂತ ಬರೆದೂ ಕೊಟ್ಟಿದ್ದಾರೆ. ಆದರೂ ಚಾನೆಲ್ಲಿನವರು ಒಪ್ಪುತ್ತಿಲ್ಲ. ಇನ್ನೇನು ಬೇಕು ಇವರಿಗೆ?" ಇವತ್ತು ಈ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಸಾಕ್ಷ್ಯಚಿತ್ರಕ್ಕೆ ಚಿತ್ರಗಳ ಅನುಮತಿ ತರುವ ಕೆಲಸ ಮಾಡಿದೆ. ಸೌದಿ ಅರೇಬಿಯಾದ ಹಾಯಿಲ್ ಪಟ್ಟಣ ಅದರ ವಸ್ತು. ಅಜಾ ಮತ್ತು ಸಲ್ಮಾ ಎಂಬ ಎರಡು ಬೆಟ್ಟಸಾಲುಗಳ ಸೀಮೆಯ ಊರು ಅದು. ರಶೀದ್ ಮನೆತನದ ಆಳ್ವಿಕೆಯಿಂದ ಹಿಡಿದು, ನಮ್ಮ ಕರಾವಳಿಯಿಂದ ಅಲ್ಲಿಗೆ ದುಡಿಯಲು ಹೋದವರ ಕಾಲದವರೆಗೆ ಕಥೆ ಹೇಳಬೇಕಿತ್ತು. ಆ ಒಂದು ಚಿತ್ರದಲ್ಲಿ ಈ ಕೆಲಸದ ಎಲ್ಲ ತೊಡಕೂ ಬಂದುಹೋಯಿತು. ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲ ದೃಶ್ಯಕ್ಕೆ ಬೇಕಾಗಿದ್ದದ್ದು ಗರ್ಟ್ರೂಡ್ ಬೆಲ್ ತೆಗೆದ ಫೋಟೊಗಳು. ಈ ಇಂಗ್ಲಿಷ್ ಮಹಿಳೆ 1914ರ ಫೆಬ್ರವರಿ ಕೊನೆಯಲ್ಲಿ ಒಂಟೆಗಳ ಮೇಲೆ ಹಾಯಿಲ್ ತಲುಪಿದಾಗ, ಅಲ್ಲಿನ ಎಳೆಯ ಅಮೀರ ದಂಡು ತೆಗೆದುಕೊಂಡು ದೂರ ಹೋಗಿದ್ದ. ಊರಿನಲ್ಲಿದ್ದವರು ಆಕೆಯನ್ನು ಗೌರವದಿಂದಲೇ ಕಂಡರು, ಆದರೆ ಹೊರಡಲು ಬಿಡಲಿಲ್ಲ. ಹತ್ತು ಹನ್ನೊಂದು ದಿನ ಕಳೆದ ಮೇಲೆ ಬಿಡುಗಡೆ ಸಿಕ್ಕಿತು. ಊರು ನೋಡಲು, ಫೋಟೊ ತೆಗೆಯಲು ಅಪ್ಪಣೆ ಸಿಕ್ಕಿದ್ದೂ ಕೊನೆಗೇ. ಆ ಫೋಟೊಗಳು ಇವತ್ತು ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.

ಈಗ ಲೆಕ್ಕ ಹಾಕೋಣ. ಬ್ರಿಟನ್ನಿನಲ್ಲಿ ಕೃತಿಸ್ವಾಮ್ಯ ಇರುವುದು ಕರ್ತೃ ತೀರಿಕೊಂಡ ವರ್ಷದ ಕೊನೆಯಿಂದ 70 ವರ್ಷ. ಬೆಲ್ ತೀರಿಕೊಂಡದ್ದು 1926ರಲ್ಲಿ, ಬಾಗ್ದಾದಿನಲ್ಲಿ. ಅಂದರೆ 1996 ಮುಗಿದಾಗ ಈ ಫೋಟೊಗಳ ಮೇಲಿನ ಹಕ್ಕೂ ಮುಗಿಯಿತು. ತವರು ದೇಶದಲ್ಲಿ ಮುಗಿದ ಹಕ್ಕನ್ನು ನಮ್ಮ ದೇಶ ಮುಂದಕ್ಕೆ ಎಳೆಯುವುದಿಲ್ಲ. ಹಳೆಯ ಪಟವನ್ನು ಇದ್ದದ್ದು ಇದ್ದ ಹಾಗೆ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುವುದೂ ಇಲ್ಲ.

ಹಾಗಾದರೆ ಇಂಥ ಸಂಗ್ರಹಗಳಿಗೆ ಕಾಗದ ಬರೆಯುವುದು ಯಾಕೆ? ಪರದೆಯ ಮೇಲೆ ಒಡೆಯದೆ ನಿಲ್ಲುವಂಥ ದೊಡ್ಡ ಪ್ರತಿ ಅವರ ಬಳಿಯೇ ಇರುತ್ತದೆ, ಅದಕ್ಕೆ. ಅದನ್ನು ಒದಗಿಸಲು ಅವರು ಶುಲ್ಕ ಕೇಳಬಹುದು, ಸಂಗ್ರಹದ ಹೆಸರು ಹಾಕಿ ಎಂದು ಷರತ್ತು ಹಾಕಬಹುದು. ಆ ಷರತ್ತಿಗೆ ಸಹಿ ಹಾಕಿದ ಮೇಲೆ ಅದು ನಿಮ್ಮನ್ನು ಕಟ್ಟುತ್ತದೆ. ಆದರೆ ಆ ಶುಲ್ಕ ಪ್ರತಿಗೆ ಕೊಟ್ಟ ಬೆಲೆಯೇ ಹೊರತು ಹಕ್ಕಿಗೆ ಕೊಟ್ಟದ್ದಲ್ಲ. ಇದನ್ನು ನೆನಪಿನಲ್ಲಿಡಿ, ಮುಂದೆ ಇದೇ ಮಾತು ತಿರುಗುಮುರುಗಾಗಿ ಬರುತ್ತದೆ.

ನಡುವೆ ಒಂದು ಎಚ್ಚರಿಕೆ. ಹುಡುಕುವಾಗ "1879ರ ಹಾಯಿಲ್, ಅಪರೂಪದ ಫೋಟೊ" ಎಂಬ ಒಕ್ಕಣೆಯ ಒಂದು ಪಟ ಸಿಕ್ಕಿತು. ಹಿಗ್ಗಿಸಿ ನೋಡಿದರೆ ಗೋಡೆಯ ನೆರಳಿನಲ್ಲಿ ಒತ್ತೊತ್ತಾಗಿ ಗೀಚಿದ ಗೆರೆಗಳು! ಅದು ಅಚ್ಚಿಗಾಗಿ ಕೊರೆದ ಚಿತ್ರ, ಫೋಟೊ ಅಲ್ಲವೇ ಅಲ್ಲ. ಆ ವರ್ಷ ಹಾಯಿಲ್‌ಗೆ ಬಂದಿದ್ದ ಆನ್ ಬ್ಲಂಟ್ ಕೈಯಾರೆ ಚಿತ್ರ ಬರೆದುಕೊಂಡಿದ್ದರು, 1881ರಲ್ಲಿ ಅವರ ಪ್ರವಾಸದ ಪುಸ್ತಕವೂ ಬಂತು. ಪಟದ ಕೆಳಗಿನ ಒಕ್ಕಣೆಯನ್ನು ನಂಬಬೇಡಿ, ಮೂಲ ಸಂಗ್ರಹದ ಕ್ರಮಸಂಖ್ಯೆ ಸಿಗುವವರೆಗೆ ಹುಡುಕಿ.

ಇನ್ನು ಸುದ್ದಿಚಿತ್ರಗಳು. 1945ರ ಫೆಬ್ರವರಿ 14ರಂದು ಸೌದಿ ದೊರೆ ಅಬ್ದುಲ್ ಅಜೀಜ್ ಮತ್ತು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಈಜಿಪ್ಟಿನ ಗ್ರೇಟ್ ಬಿಟರ್ ಸರೋವರದಲ್ಲಿ ಯುದ್ಧನೌಕೆಯ ಮೇಲೆ ಭೇಟಿಯಾದರಲ್ಲ, ಆ ದೃಶ್ಯ ನಮಗೆ ಬೇಕಿತ್ತು. ಅಮೆರಿಕದ ಸರ್ಕಾರಿ ನೌಕರರು ಕೆಲಸದ ಭಾಗವಾಗಿ ತೆಗೆದ ಚಿತ್ರಕ್ಕೆ ಆ ದೇಶದಲ್ಲಿ ಕೃತಿಸ್ವಾಮ್ಯ ಇಲ್ಲ, ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಅಂಥ ಚಿತ್ರಗಳ ಪ್ರತಿ ಸಿಗುತ್ತದೆ. ಆದರೆ ಇದೇ ದೃಶ್ಯವನ್ನು ಒಂದು ಖಾಸಗಿ ಸುದ್ದಿಚಿತ್ರ ಕಂಪನಿ ಕತ್ತರಿಸಿ ಜೋಡಿಸಿ, ನಿರೂಪಣೆ ಮತ್ತು ಸಂಗೀತ ಸೇರಿಸಿದ್ದರೆ, ಆ ಜೋಡಣೆ ಅವರದು. ಯೂಟ್ಯೂಬ್‌ನಲ್ಲಿ ಸಿಕ್ಕಿದ್ದನ್ನು ಇಳಿಸಿಕೊಂಡರೆ ಯಾವುದು ಯಾರದು ಎಂದು ತಿಳಿಯುವುದೇ ಇಲ್ಲ. 2014ರಲ್ಲಿ ಬ್ರಿಟಿಷ್ ಪಾಥೆ ಕಂಪನಿ ತನ್ನ ಸುಮಾರು 85,000 ಸುದ್ದಿಚಿತ್ರಗಳನ್ನು ಯೂಟ್ಯೂಬ್‌ಗೆ ಹಾಕಿತು. ನೋಡಲು ಹಾಕಿದ್ದು ಅದು. ಬಳಸಲು ಇವತ್ತಿಗೂ ಪರವಾನಗಿ ಪಡೆಯಬೇಕು.

ನಮ್ಮ ಫಿಲ್ಮ್ಸ್ ಡಿವಿಷನ್ನಿನ ಹಳೆಯ ಸುದ್ದಿಚಿತ್ರಗಳು ಈಗ ಎನ್‌ಎಫ್‌ಡಿಸಿ ಸುಪರ್ದಿಯಲ್ಲಿವೆ. ಸಿನಿಮಾಕ್ಕೆ ನಮ್ಮಲ್ಲಿ ಪ್ರಕಟವಾದ ವರ್ಷದ ಕೊನೆಯಿಂದ 60 ವರ್ಷ ಹಕ್ಕು. 1961ರಲ್ಲಿ ಪ್ರದರ್ಶನವಾದ ಸುದ್ದಿಚಿತ್ರ 2022ರ ಜನವರಿ 1ಕ್ಕೆ ಮುಕ್ತವಾಯಿತು. ಆದರೆ ಹಿನ್ನೆಲೆಯ ಸಂಗೀತಕ್ಕೆ ಬೇರೆ ಲೆಕ್ಕ. ಸಂಗೀತ ರಚಿಸಿದವರು 1985ರಲ್ಲಿ ತೀರಿಕೊಂಡಿದ್ದರೆ ಆ ರಚನೆಯ ಹಕ್ಕು 2045ರ ಕೊನೆಯವರೆಗೂ ಇರುತ್ತದೆ. ಚಿತ್ರ ಮುಕ್ತ, ಸಂಗೀತ ಮುಕ್ತವಲ್ಲ. ನಾನು ಇಂಥ ಕಡೆ ಧ್ವನಿಯನ್ನು ಪೂರ್ತಿ ತೆಗೆದು ಮೂಕ ದೃಶ್ಯವನ್ನಷ್ಟೇ ಬಳಸುತ್ತೇನೆ.

"ಹತ್ತು ಸೆಕೆಂಡಿಗಿಂತ ಕಡಿಮೆ ಬಳಸಿದರೆ ಏನೂ ಆಗುವುದಿಲ್ಲವಂತೆ", "ಕೃಪೆ ಎಂದು ಹೆಸರು ಹಾಕಿದರೆ ಸಾಕಂತೆ" ಎಂದು ಈಗಲೂ ಬರೆಯುವವರಿದ್ದಾರೆ. ದಯವಿಟ್ಟು ಈ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ. ಹತ್ತು ಸೆಕೆಂಡಿನ ನಿಯಮ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕೃಪೆ ಎಂದು ಹಾಕುವುದು ಸೌಜನ್ಯ, ಅನುಮತಿ ಅಲ್ಲ.

ಈಗ ಬೆಲ್ ಫೋಟೊ ವಿಷಯದಲ್ಲಿ ಹೇಳಿದ್ದರ ಇನ್ನೊಂದು ಮುಖಕ್ಕೆ ಬರುತ್ತೇನೆ. ಕಾಗದ ಬರೆದ ಹೆಚ್ಚಿನವರು ಎಡವಿರುವುದು ಇಲ್ಲೇ. ಕೊಲ್ಲಿ ದೇಶಗಳಿಗೆ ಹೊರಟ ನಮ್ಮವರು ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳ ಮೇಲೆ ಕೂತು ಕಾಯುತ್ತಿರುವ, 1970ರ ದಶಕದ ಒಂದು ಫೋಟೊ ನಮಗೆ ಸಿಕ್ಕಿತು. ಒಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆ ಪತ್ರಿಕೆಯವರು ಹಳೆಯ ನೆಗೆಟಿವ್ ಹುಡುಕಿಸಿ, ಹಣ ಪಡೆದು, ತಮ್ಮ ಲೆಟರ್‌ಹೆಡ್ಡಿನಲ್ಲಿ ಅನುಮತಿ ಪತ್ರವನ್ನೂ ಕೊಟ್ಟರು. ಕೆಲಸ ಮುಗಿಯಿತು ಎಂದುಕೊಂಡೆ. ಚಾನೆಲ್ಲಿನ ವಕೀಲರು ಒಂದೇ ಮಾತು ಕೇಳಿದರು: "ಛಾಯಾಗ್ರಾಹಕರ ಜೊತೆ ಪತ್ರಿಕೆ ಮಾಡಿಕೊಂಡ ಒಪ್ಪಂದ ಎಲ್ಲಿ?" ಪತ್ರಿಕೆಯವರ ಬಳಿ ಅದು ಇರಲಿಲ್ಲ.

1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಹೇಳುವುದು ಇಷ್ಟು: ಪತ್ರಿಕೆಯ ನೌಕರ ಕೆಲಸದ ಭಾಗವಾಗಿ ತೆಗೆದ ಫೋಟೊ ಪತ್ರಿಕೆಯಲ್ಲಿ ಅಚ್ಚಾಗುವ ಮಟ್ಟಿಗೆ ಮಾತ್ರ ಮಾಲೀಕನದು. ಬೇರೆ ಒಪ್ಪಂದ ಇಲ್ಲದಿದ್ದರೆ, ಉಳಿದ ಎಲ್ಲ ಬಳಕೆಗೂ ಹಕ್ಕು ಫೋಟೊ ತೆಗೆದವನದೇ. ಸಾಕ್ಷ್ಯಚಿತ್ರ ಪತ್ರಿಕೆಯಲ್ಲ. ಆದ್ದರಿಂದ ನೆಗೆಟಿವ್ ಯಾರ ಬೀರುವಿನಲ್ಲಿದ್ದರೂ ಕೇಳಬೇಕಾದದ್ದು ಫೋಟೊ ತೆಗೆದವರನ್ನು. ಮತ್ತೊಮ್ಮೆ ಹೇಳುತ್ತೇನೆ, ಪಟ ಕೊಟ್ಟವರು ಬೇರೆ, ಹಕ್ಕುಳ್ಳವರು ಬೇರೆ. ಬೆಲ್ ಸಂಗತಿಯಲ್ಲಿ ಹಕ್ಕು ಸತ್ತಿತ್ತು, ಪ್ರತಿ ಮಾತ್ರ ಬೇಕಿತ್ತು. ಇಲ್ಲಿ ಪ್ರತಿ ಕೈಯಲ್ಲಿತ್ತು, ಹಕ್ಕು ಇರಲಿಲ್ಲ.

ಆ ಛಾಯಾಗ್ರಾಹಕರು 1998ರಲ್ಲಿ ತೀರಿಕೊಂಡಿದ್ದರು. 2012ರ ತಿದ್ದುಪಡಿಯ ನಂತರ ಫೋಟೊಗೂ ತೆಗೆದವರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. ಅಂದರೆ 2058ರ ಕೊನೆಯವರೆಗೆ ಆ ಹಕ್ಕು ಮಕ್ಕಳದು. ಮಗನನ್ನು ಹುಡುಕಿಕೊಂಡು ಹೋದೆ. ಅಪ್ಪನ ಹೆಸರನ್ನು ಇಷ್ಟು ವರ್ಷಗಳ ಮೇಲೆ ಒಬ್ಬರು ಕೇಳಿಕೊಂಡು ಬಂದರಲ್ಲ ಎಂದು ಅವರು ಕಣ್ಣು ಒರೆಸಿಕೊಂಡು ಅಲ್ಲೇ ಸಹಿ ಹಾಕಿದರು. ಅದೊಂದೇ ಸಾಲಲಿಲ್ಲ, ಪುಣೆಯಲ್ಲಿ ಅವರ ತಂಗಿ ಇದ್ದರು. ಮನೆ ಜಮೀನಿನ ಹಾಗೆ ಇದಕ್ಕೂ ವಾರಸುದಾರರೆಲ್ಲರ ಸಹಿ ಬೇಕು.

ಆ ಸಹಿ ಪತ್ರದಲ್ಲಿ ಏನು ಬರೆಯಬೇಕು ಎಂಬುದರಲ್ಲೂ ನಾನೊಮ್ಮೆ ಪೆಟ್ಟು ತಿಂದಿದ್ದೇನೆ. "ನಿಮ್ಮ ಚಿತ್ರದಲ್ಲಿ ಬಳಸಿಕೊಳ್ಳಲು ಅಭ್ಯಂತರವಿಲ್ಲ" ಎಂದಷ್ಟೇ ಬರೆದ ಪತ್ರ ನೋಡಲು ಧಾರಾಳವಾಗಿ ಕಾಣುತ್ತದೆ. ಆದರೆ ಎಷ್ಟು ಕಾಲ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಓದುತ್ತದೆ. ಎಲ್ಲೆಲ್ಲಿ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ಓದುತ್ತದೆ. ನಮ್ಮ ಚಿತ್ರವನ್ನು ಹಾಯಿಲ್‌ನ ಕನ್ನಡ ಕುಟುಂಬಗಳಿಗೆ ತೋರಿಸಬೇಕು ಎಂದು ಹೊರಟಾಗ, ಕೈಯಲ್ಲಿದ್ದ ಪತ್ರಗಳಲ್ಲಿ ಮೂರಕ್ಕೆ ಭಾರತದ ಗಡಿ ದಾಟುವ ಶಕ್ತಿಯೇ ಇರಲಿಲ್ಲ. ಮತ್ತೆ ಮೂರು ಮನೆಗಳ ಬಾಗಿಲು ತಟ್ಟಬೇಕಾಯಿತು.

ಆದ್ದರಿಂದ ಪತ್ರದಲ್ಲಿ ಪಟದ ಗುರುತು, ಬಳಕೆಯ ಅವಧಿ, ಯಾವ ದೇಶಗಳು, ಯಾವ ಮಾಧ್ಯಮ, ಎಷ್ಟು ಹಣ, ಇಷ್ಟೂ ಇರಲಿ. ಟಿವಿ, ಚಿತ್ರೋತ್ಸವ, ಇಂಟರ್‌ನೆಟ್ ಎಂದು ಬಿಡಿಬಿಡಿಯಾಗಿ ಹೆಸರಿಸಿ. ಎಡಿಟಿಂಗ್ ಟೇಬಲ್ಲಿಗೆ ಕೂರುವ ಮೊದಲೇ ಒಂದು ಪಟ್ಟಿ ಶುರುಮಾಡಿ, ಪ್ರತಿ ಪಟದ ಮುಂದೆ ಎರಡು ಬೇರೆ ಬೇರೆ ಅಂಕಣ ಇಡಿ: ಪ್ರತಿ ಯಾರಿಂದ ಬಂತು, ಹಕ್ಕು ಯಾರದು. ಎರಡಕ್ಕೂ ಒಂದೇ ಹೆಸರು ಬಂದಿದ್ದರೆ ನಾನು ಆ ಸಾಲನ್ನು ಇನ್ನೊಮ್ಮೆ ವಿಚಾರಿಸುತ್ತೇನೆ. ಸುದ್ದಿಚಿತ್ರ ಮಾರುವವರು ಹಲವರು ನೀವು 6 ಸೆಕೆಂಡು ಬಳಸಿದರೂ ಕನಿಷ್ಠ 30 ಸೆಕೆಂಡಿನ ದರ ಕೇಳುತ್ತಾರೆ. ಇದು ಎಡಿಟಿಂಗ್ ಮುಗಿದ ಮೇಲೆ ಗೊತ್ತಾದರೆ ಚಿತ್ರವನ್ನೇ ಬಿಚ್ಚಬೇಕಾಗುತ್ತದೆ.

ಮನೆಯ ಆಲ್ಬಮ್ಮಿನ ಪಟಗಳ ಬಗ್ಗೆಯೂ ಹಲವರು ಕೇಳಿದ್ದೀರಿ. ನೀವೇ ಹಣ ಕೊಟ್ಟು ಸ್ಟುಡಿಯೊದಲ್ಲಿ ತೆಗೆಸಿಕೊಂಡ ಪಟದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ಇದು ಅದೇ 17ನೇ ಕಲಮಿನಲ್ಲಿದೆ, ಸ್ಟುಡಿಯೊದವರ ಹಿಂದೆ ಅಲೆಯಬೇಕಿಲ್ಲ. ಆದರೆ ಗೆಳೆಯನೊಬ್ಬ ಪುಕ್ಕಟೆ ತೆಗೆದುಕೊಟ್ಟಿದ್ದರೆ ಅದರ ಹಕ್ಕು ಗೆಳೆಯನದು, ಪಟದಲ್ಲಿ ನಿಂತವರದಲ್ಲ. ಆಲ್ಬಮ್ಮನ್ನು ಕೈಯಲ್ಲಿ ಹಿಡಿಸಿ ಅದನ್ನೇ ಚಿತ್ರೀಕರಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಪಟವನ್ನು ಪರದೆ ತುಂಬ ತೋರಿಸಿದರೆ ಹಾಗೆ ಮಾಡುವುದೂ ನಕಲೇ.

ನಮ್ಮ ಚಿತ್ರದ ಕೊನೆಯ ಪಟವೂ ಮನೆಯ ಆಲ್ಬಮ್ಮಿನದೇ. ಅಜಾ ಬೆಟ್ಟದ ಕೆಂಪು ಬಂಡೆಗಳ ಮುಂದೆ ಮೂವರು ಯುವಕರು, ಒಬ್ಬರು ಪಂಚೆ ಎತ್ತಿಕಟ್ಟಿ ನಿಂತಿದ್ದಾರೆ. ಪಟ ಕೊಟ್ಟ ಹಿರಿಯರಿಗೆ ಅದನ್ನು ತೆಗೆದವರು ಯಾರೆಂದು ನೆನಪಿರಲಿಲ್ಲ. "ಆವತ್ತು ಗಾಡಿ ಓಡಿಸಿದ್ದು ಯಾರು?" ಎಂದು ಕೇಳಿದೆ. ಹೆಸರು ಬಂತು. ಪಟ ತೆಗೆದವರೂ ಅವರೇ. ಉಡುಪಿ ಕಡೆಯ ಆ ಚಾಲಕರು ಈಗ ಊರಲ್ಲೇ ಇದ್ದಾರೆ, ಫೋನಿನಲ್ಲಿ ಸಿಕ್ಕರು. ನಾನು ಓದಿ ಹೇಳಿದ ಹಾಗೆ ಬರೆದುಕೊಂಡು ಸಹಿ ಹಾಕಿ ಕಳಿಸಿದರು: ಎಲ್ಲ ದೇಶಗಳಲ್ಲಿ, ಎಲ್ಲ ಮಾಧ್ಯಮಗಳಲ್ಲಿ, ಹಕ್ಕು ಇರುವಷ್ಟು ಕಾಲ. ಹಣ ಬೇಡ ಎಂದರು. ಪಟದ ಕೆಳಗೆ ತಮ್ಮ ಹೆಸರು ಬರಲಿ, ಮಗಳಿಗೆ ತೋರಿಸಬೇಕು ಎಂದಷ್ಟೇ ಕೇಳಿದರು. ಹಾಕಿದ್ದೇವೆ.