ಕಂತು ಬದಲಿಸಿಕೊಡಿ ಎಂದು ಬ್ಯಾಂಕಿಗೆ ಬರೆಯುವ ಪತ್ರ

ಸಾಲ ಮರುಪಾವತಿಯ ಕಂತನ್ನು ಬದಲಿಸಿಕೊಡಿ ಎಂದು ಬ್ಯಾಂಕ್ ಮ್ಯಾನೇಜರಿಗೆ ಬರೆಯುವ ಪತ್ರದ ಬಗ್ಗೆ ಇವತ್ತು ಮಾತಾಡೋಣ. ಸಾಮಾನ್ಯವಾಗಿ ಈ ಪತ್ರಗಳಲ್ಲಿ ಏನಿರುತ್ತೆ? 'ಕಷ್ಟದಲ್ಲಿದ್ದೇನೆ, ದಯವಿಟ್ಟು ಸ್ವಲ್ಪ ಕಾಲಾವಕಾಶ ಕೊಡಿ'. ಮ್ಯಾನೇಜರ್ ಓದ್ತಾರೆ, ಅಯ್ಯೋ ಅಂದುಕೊಳ್ತಾರೆ, ಫೈಲಿಗೆ ಸೇರಿಸ್ತಾರೆ. ಅವರು ಕಲ್ಲುಮನಸ್ಸಿನವರು ಅಂತಲ್ಲ. ಇಂಥ ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರ ಬಹಳ ಸಲ ಶಾಖೆಯಲ್ಲೇ ಇರೋದಿಲ್ಲ. ಪ್ರಾದೇಶಿಕ ಕಚೇರಿಗೆ ಟಿಪ್ಪಣಿ ಬರೆದು ಕಳಿಸಬೇಕು. 'ಸ್ವಲ್ಪ ಕಾಲಾವಕಾಶ' ಅನ್ನೋದನ್ನ ಇಟ್ಟುಕೊಂಡು ಅವರು ಏನಂತ ಟಿಪ್ಪಣಿ ಬರೀಬೇಕು? ನಮ್ಮ ಪತ್ರವನ್ನೇ ನೋಡಿ ಟಿಪ್ಪಣಿ ಬರೆಯೋ ಹಾಗಿರಬೇಕು.

ಒಂದು ಉದಾಹರಣೆ ಹಿಡಿದು ನೋಡೋಣ. ಹಾಸನದ ಕಡೆ ಶಾಲಾ ವ್ಯಾನ್ ಓಡಿಸುವವರೊಬ್ಬರು ಇದ್ದಾರೆ ಅಂದುಕೊಳ್ಳಿ. ಏಪ್ರಿಲ್ ಶುರುವಿಗೆ ವ್ಯಾನಿನ ಸಾಲದಲ್ಲಿ ಅಸಲು ಬಾಕಿ 4,20,000 ರೂಪಾಯಿ. ಬಡ್ಡಿ ವರ್ಷಕ್ಕೆ ಶೇಕಡಾ 12. ಇನ್ನು 36 ಕಂತು ಇವೆ, ಪ್ರತಿ ತಿಂಗಳು 5ನೇ ತಾರೀಖು 13,950 ರೂಪಾಯಿ ಕಟ್ಟಬೇಕು. ಹದಿನೆಂಟು ಮಕ್ಕಳು, ತಲಾ 1,800 ರೂಪಾಯಿ ಅಂದ್ರೆ ತಿಂಗಳಿಗೆ 32,400. ಡೀಸೆಲ್ಲು, ರಿಪೇರಿಗೆ 9,000 ಹೋದರೂ ಕಂತು ಕಟ್ಟಿ ಮನೆಗೆ ಉಳಿಯುತ್ತೆ. ಆದರೆ ಏಪ್ರಿಲ್, ಮೇ ಬೇಸಿಗೆ ರಜೆ. ಪೋಷಕರು ಹತ್ತು ತಿಂಗಳಿಗೆ ಮಾತ್ರ ದುಡ್ಡು ಕೊಡೋದು. ಆ ಎರಡು ತಿಂಗಳು ಬೇರೆಯವರ ಗಾಡಿಗೆ ಬದಲಿ ಡ್ರೈವರ್ ಆಗಿ ಹೋದರೆ ತಿಂಗಳಿಗೆ 12,000 ಸಿಗಬಹುದು, ಅಷ್ಟೇ.

ಈಗ ಇವರು ಏಪ್ರಿಲ್, ಮೇ ಎರಡು ಕಂತು ತಪ್ಪಿಸಿ ಜೂನಿನಿಂದ ತಪ್ಪದೆ ಕಟ್ಟಿದರು ಅನ್ನಿ. ಎಲ್ಲ ಸರಿಹೋಯ್ತು ಅಂತ ಅನ್ಸುತ್ತೆ, ಅಲ್ವಾ? ಹೋಗಿಲ್ಲ. ಜೂನಿನಲ್ಲಿ ಕಟ್ಟಿದ ದುಡ್ಡು ಏಪ್ರಿಲ್ ಬಾಕಿಗೆ ಜಮಾ ಆಗುತ್ತೆ, ಜುಲೈಯದು ಮೇ ಬಾಕಿಗೆ. ಅಂದ್ರೆ ಹತ್ತು ತಿಂಗಳೂ ನಿಯತ್ತಾಗಿ ಕಟ್ಟುತ್ತಿದ್ದರೂ ಖಾತೆ ವರ್ಷಪೂರ್ತಿ ಎರಡು ಕಂತು ಹಿಂದೆಯೇ ಇರುತ್ತೆ. ಬಾಕಿ 30 ದಿನ ದಾಟಿದರೆ ಬ್ಯಾಂಕಿನವರು ಅದನ್ನ ಎಸ್‌ಎಂಎ-1 ಅಂತ ಗುರುತು ಮಾಡ್ತಾರೆ, 60 ದಾಟಿದರೆ ಎಸ್‌ಎಂಎ-2, 90 ದಾಟಿದರೆ ಎನ್‌ಪಿಎ. ಮುಂದಿನ ಬೇಸಿಗೆಯಲ್ಲಿ ಏಪ್ರಿಲ್ ಕಂತೂ ತಪ್ಪಿ ಮೇ ಮೊದಲ ವಾರ ಕಳೆಯೋ ಹೊತ್ತಿಗೆ, ಫೆಬ್ರವರಿ ಕಂತಿಗೆ 90 ದಿನ ತುಂಬಿರುತ್ತೆ. ಖಾತೆ ಎನ್‌ಪಿಎ. ಅದಕ್ಕೇ ಪತ್ರ ಬರೆಯಬೇಕಾದ್ದು ಮೊದಲ ಬೇಸಿಗೆಗೂ ಮುಂಚೆ, ಫೆಬ್ರವರಿಯಲ್ಲಿ, ಒಂದು ಕಂತೂ ತಪ್ಪದೆ ಇರುವಾಗ. ಆಗ 'ಇವತ್ತಿನವರೆಗೆ ಯಾವ ಕಂತೂ ತಪ್ಪಿಲ್ಲ' ಅಂತ ಬರೆಯೋಕೆ ಆಗುತ್ತೆ. ಆ ಒಂದು ವಾಕ್ಯಕ್ಕಿರುವ ತೂಕ ಒಂದು ಪುಟ ಗೋಳಿಗಿಲ್ಲ.

ಸರಿ, ಏನು ಕೇಳಬೇಕು? ಎಲ್ಲರಿಗೂ ಮೊದಲು ಹೊಳೆಯೋದು 'ಅವಧಿ ಹೆಚ್ಚಿಸಿ, ಕಂತು ಇಳಿಸಿ'. 36 ತಿಂಗಳನ್ನ 60 ಮಾಡಿದರೆ ಕಂತು ಸುಮಾರು 9,343ಕ್ಕೆ ಇಳಿಯುತ್ತೆ. ಆದರೆ 12,000 ಬರುವ ಏಪ್ರಿಲ್‌ನಲ್ಲಿ ಅದೂ ಭಾರವೇ. ಮೇಲಾಗಿ ಒಟ್ಟು ಬಡ್ಡಿ ಸುಮಾರು 58,000 ರೂಪಾಯಿ ಜಾಸ್ತಿ ಆಗುತ್ತೆ. ಇವರ ತೊಂದರೆ ಕಂತು ದೊಡ್ಡದು ಅನ್ನೋದಲ್ಲ, ಎರಡು ತಿಂಗಳು ವ್ಯಾನಿನ ದುಡಿಮೆ ಇಲ್ಲ ಅನ್ನೋದು. ಹಾಗಾಗಿ ಕೇಳಬೇಕಾದ್ದು ಇಷ್ಟು: ಏಪ್ರಿಲ್, ಮೇನಲ್ಲಿ ಬಡ್ಡಿ ಮಾತ್ರ, ಉಳಿದ ಹತ್ತು ತಿಂಗಳು ಈಗಿನ ಕಂತೇ. ಮೊದಲ ಬೇಸಿಗೆಯಲ್ಲಿ ತಿಂಗಳ ಬಡ್ಡಿ 4,200. ಅದನ್ನ ಕಟ್ಟಬಹುದು. ಹೀಗೆ ಮಾಡಿದರೆ ನಾಲ್ಕು ಬೇಸಿಗೆ ಸೇರಿ ಸಾಲ 36ರ ಬದಲು 44 ತಿಂಗಳಿಗೆ ಮುಗಿಯುತ್ತೆ, ಹೆಚ್ಚುವರಿ ಬಡ್ಡಿ ಸುಮಾರು 20,500. ಅಂದ್ರೆ ಇದು ಬಿಟ್ಟಿ ಅಲ್ಲ. ಆದರೆ 58,000ಕ್ಕಿಂತ ವಾಸಿ.

ಪತ್ರ ಹೀಗಿರಲಿ. ಓದ್ತೀನಿ, ಕೇಳಿ.

'ಶಾಖಾ ವ್ಯವಸ್ಥಾಪಕರಿಗೆ. ಮಾನ್ಯರೇ, ವಿಷಯ: ವಾಹನ ಸಾಲದ ಮರುಪಾವತಿ ವೇಳಾಪಟ್ಟಿ ಬದಲಾವಣೆಗೆ ಕೋರಿಕೆ.' ಇದರ ಕೆಳಗೆ ಸಾಲದ ಖಾತೆ ಸಂಖ್ಯೆ. ಆಮೇಲೆ: 'ಮೇಲ್ಕಂಡ ಸಾಲದ ಕಂತುಗಳನ್ನು ಇಂದಿನವರೆಗೆ ತಪ್ಪದೆ ಪಾವತಿಸಿದ್ದೇನೆ. ಶಾಲಾ ವ್ಯಾನಿನ ಬಾಡಿಗೆ ಜೂನ್‌ನಿಂದ ಮಾರ್ಚ್‌ವರೆಗೆ ಮಾತ್ರ ಬರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನನ್ನ ಆದಾಯ ತಿಂಗಳಿಗೆ ಸುಮಾರು 12,000 ರೂಪಾಯಿ. ಆದ್ದರಿಂದ ಈ ಎರಡು ತಿಂಗಳು ಬಡ್ಡಿಯನ್ನು ಮಾತ್ರ ಪಾವತಿಸಲು, ಉಳಿದ ತಿಂಗಳುಗಳಲ್ಲಿ ಈಗಿನ ಕಂತನ್ನೇ ಪಾವತಿಸಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಇದರಿಂದ ಅವಧಿ 8 ತಿಂಗಳು ಹೆಚ್ಚುತ್ತದೆ ಮತ್ತು ಹೆಚ್ಚುವರಿ ಬಡ್ಡಿ ಬೀಳುತ್ತದೆ ಎಂಬುದು ನನಗೆ ತಿಳಿದಿದೆ.'

ಇಷ್ಟೇ. ಮಗಳ ಮದುವೆ, ತಾಯಿಯ ಆಪರೇಷನ್ನು, ಯಾವುದೂ ಬೇಡ. ಅದು ಸುಳ್ಳು ಅಂತಲ್ಲ, ಆ ಖರ್ಚಿಗೂ ಈ ಎರಡು ತಿಂಗಳಿಗೂ ಸಂಬಂಧ ಇಲ್ಲ ಅಂತ. 'ತಾವು ಒಪ್ಪದಿದ್ದರೆ ನನ್ನ ಸಂಸಾರ ಬೀದಿಗೆ ಬರುತ್ತದೆ' ಅನ್ನೋದಂತೂ ಬರೆಯಲೇಬೇಡಿ. ಸಾಲಗಾರನಿಗೆ ಕಟ್ಟೋ ತಾಕತ್ತೇ ಇಲ್ಲ ಅನ್ನೋದಕ್ಕೆ ಅದನ್ನೇ ನಿಮ್ಮ ಕೈಬರಹದ ಸಾಕ್ಷಿ ಅಂತ ಓದಬಹುದು. ಜೊತೆಗೆ ಶಾಲೆಯಿಂದ ಒಂದು ಪತ್ರ, ಹಿಂದಿನ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಕಂತುಗಳ ಪಟ್ಟಿ ಇಡಿ. ನಮ್ಮ ಶಾಖೆಗಳಲ್ಲಿ ಕನ್ನಡ ಓದೋಕೆ ಬಾರದ ಅಧಿಕಾರಿಗಳೂ ಇರ್ತಾರೆ. ಅದಕ್ಕೆ ಅಂಕಿಗಳ ಪಟ್ಟಿ ಬೇರೆ ಹಾಳೆಯಲ್ಲಿ ಇರಲಿ, ಅದನ್ನ ಯಾವ ಭಾಷೆಯವರೂ ಓದ್ತಾರೆ.

ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಬ್ಯಾಂಕಿನ ಸೀಲು, ಸಹಿ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತವಾಗಿ ದೂರು ಕೊಡಿ. ಅಲ್ಲೂ 30 ದಿನ ಸುಮ್ಮನಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಬರೆಯಬಹುದು. ಉತ್ತರ ಯಾಕೆ ಕೊಡಲಿಲ್ಲ ಅಂತ ಅಲ್ಲಿ ಕೇಳಿಸಬಹುದೇ ಹೊರತು, ಕಂತು ಬದಲಿಸಲೇಬೇಕು ಅಂತ ಹೇಳಿಸೋಕೆ ಆಗಲ್ಲ. ಅದು ಬ್ಯಾಂಕಿನ ವ್ಯವಹಾರದ ತೀರ್ಮಾನ.

ಒಪ್ಪಿಗೆ ಬಂದರೆ ಸಹಿ ಹಾಕೋಕೆ ಮುಂಚೆ ಒಂದು ಪ್ರಶ್ನೆ ಕೇಳಿ: 'ಸಾರ್, ಇದನ್ನ ರೀಸ್ಟ್ರಕ್ಚರಿಂಗ್ ಅಂತ ದಾಖಲು ಮಾಡ್ತೀರಾ?' ಸಾಲಗಾರ ಕಷ್ಟದಲ್ಲಿದ್ದಾನೆ ಅನ್ನೋ ಕಾರಣಕ್ಕೆ ಷರತ್ತು ಬದಲಾದರೆ ಅದು ಸಿಬಿಲ್ ವರದಿಯಲ್ಲಿ ಕಾಣಿಸಬಹುದು, ಖಾತೆಯ ದರ್ಜೆಯೂ ಇಳಿಯಬಹುದು. ಹೊಸ ಸಾಲ ಸಿಗೋದು ಕಷ್ಟ ಆಗುತ್ತೆ. ಉತ್ತರವನ್ನ ಬಾಯಿಮಾತಲ್ಲಿ ಬಿಡದೆ ಲಿಖಿತವಾಗಿ ಪಡೆಯಿರಿ.

ಕೊನೆಗೆ, ಜನ ಮರೆಯೋ ವಿಷಯ. ಕಂತು ತಾನಾಗಿ ಕಡಿತ ಆಗೋಕೆ ನೀವು ಕೊಟ್ಟ ನ್ಯಾಚ್ ಮ್ಯಾಂಡೇಟ್‌ನಲ್ಲಿ ಹಳೆ ಕೊನೆ ತಾರೀಖು ಇರುತ್ತೆ. ಹೊಸ ಪಟ್ಟಿ ಅದಕ್ಕಿಂತ 8 ತಿಂಗಳು ಉದ್ದ, ಹಾಗಾಗಿ ಹೊಸ ಮ್ಯಾಂಡೇಟ್ ಬೇಕು. ಬ್ಯಾಂಕಿನ ಸಿಸ್ಟಮ್‌ನಲ್ಲಿ ವೇಳಾಪಟ್ಟಿ ಬದಲಾಗದೆ ಹೋದರೆ, ಒಪ್ಪಿಗೆ ಪತ್ರ ನಿಮ್ಮ ಕೈಯಲ್ಲಿದ್ದರೂ ಏಪ್ರಿಲ್ 5ಕ್ಕೆ 4,200 ಬದಲು 13,950ಕ್ಕೇ ಕಡಿತದ ಆದೇಶ ಬರುತ್ತೆ, ಬೌನ್ಸ್ ಆಗಿ ಶುಲ್ಕವೂ ಬೀಳುತ್ತೆ. ಮಾರ್ಚ್ ಕೊನೇ ವಾರ ಶಾಖೆಗೆ ಹೋಗಿ ಹೊಸ ವೇಳಾಪಟ್ಟಿಯ ಪ್ರಿಂಟ್ ಕೇಳಿ, ಏಪ್ರಿಲ್ ಸಾಲಿನಲ್ಲಿ ಎಷ್ಟು ಬರೆದಿದೆ ಅಂತ ನೋಡಿಕೊಂಡು ಬನ್ನಿ.