ಅರ್ಜಿಯಲ್ಲಿ ಒಂದು ‘ಹ್ಯಾವ್’

ಈಚೆಗೆ ದೊಡ್ಡಬಳ್ಳಾಪುರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದು, ತಾನು ಬರೆದ ಇಂಗ್ಲಿಷ್ ಅರ್ಜಿಯ ಪ್ರತಿಯೊಂದನ್ನು ನನ್ನ ಮುಂದಿಟ್ಟನು. ನೆಲಮಂಗಲದ ಬಳಿಯ ಒಂದು ಉಗ್ರಾಣದಲ್ಲಿ ಗುಮಾಸ್ತೆಯ ಕೆಲಸಕ್ಕಾಗಿ ಬರೆದದ್ದು. ಸಂದರ್ಶನದಲ್ಲಿ ಅಧಿಕಾರಿಗಳು ಕೇಳಿದ ಮೊದಲ ಪ್ರಶ್ನೆ, “ಈಗಿನ ಕಾರ್ಖಾನೆಯವರು ನಿಮ್ಮನ್ನು ಯಾವಾಗ ಬಿಡುತ್ತಾರೆ?” ಎಂದು. “ಅದನ್ನು 2022ರಲ್ಲೇ ಬಿಟ್ಟೆ, ಸಾರ್” ಎಂದನಂತೆ ಇವನು. “ಹಾಗಾದರೆ ಇಲ್ಲಿ ಬರೆದಿರುವುದೇನು?” ಎಂದು ಅವರು ಹುಬ್ಬೇರಿಸಿದರಂತೆ. “ನಾನು ಸುಳ್ಳು ಬರೆದಿಲ್ಲ, ಮೇಷ್ಟ್ರೇ” ಎಂದು ಹುಡುಗನು ನೊಂದುಕೊಂಡನು.

ಸುಳ್ಳು ಬರೆದಿರಲಿಲ್ಲ, ನಿಜ. ನಾನು ಕನ್ನಡ ಪಂಡಿತ. ಇಂಗ್ಲಿಷ್ ಪಾಠ ನನ್ನದಲ್ಲ. ಆದರೆ ಓದಿ ನೋಡಿದಾಗ ತಪ್ಪು ಬಂದದ್ದು ನಮ್ಮ ಕನ್ನಡದ ದಾರಿಯಿಂದಲೇ ಎಂದು ತಿಳಿಯಿತು.

ಅವನ ಮೊದಲ ವಾಕ್ಯ: “ಐ ಹ್ಯಾವ್ ಪಾಸ್ಡ್ ಬಿ.ಕಾಂ. ಇನ್ 2019.” ಮನಸ್ಸಿನಲ್ಲಿದ್ದುದು “2019ರಲ್ಲಿ ಬಿ.ಕಾಂ. ಪಾಸು ಮಾಡಿದ್ದೇನೆ” ಎಂಬ ಕನ್ನಡ. ಕನ್ನಡದಲ್ಲಿ ಇದಕ್ಕೆ ಯಾವ ದೋಷವೂ ಇಲ್ಲ. ‘ಮಾಡಿ’ ಎಂಬ ಕೃದಂತಾವ್ಯಯಕ್ಕೆ ‘ಇದ್ದೇನೆ’ ಸೇರಿ ‘ಮಾಡಿದ್ದೇನೆ’ ಆಗಿದೆ. ಕೆಲಸ ಹಿಂದಿನದು, ಅದನ್ನು ಮಾಡಿದವನು ಈಗ ಇದ್ದಾನೆ. ಜೊತೆಗೆ ಇಸವಿಯನ್ನು ಹೇಳಿದರೂ ನಮ್ಮ ಕಿವಿಗೆ ಹಿತವೇ. ಇಂಗ್ಲಿಷಿನ ‘ಹ್ಯಾವ್’ ಮಾತ್ರ ಮುಗಿದ ಇಸವಿಯೊಡನೆ ಕೂಡಿಕೊಳ್ಳುವುದಿಲ್ಲ. ಅದು ವರ್ತಮಾನದಲ್ಲಿ ನಿಂತು ಹಿಂದಕ್ಕೆ ನೋಡುವ ಪ್ರಯೋಗ. ಇಂಥ ವರ್ಷದಲ್ಲಿ ಎಂದೊಡನೆ ಮಾತು ವರ್ತಮಾನವನ್ನು ಬಿಟ್ಟು ಭೂತಕಾಲಕ್ಕೆ ಹೋಗುತ್ತದೆ. ಆದ್ದರಿಂದ ಅಲ್ಲಿ ಸಿಂಪಲ್ ಪಾಸ್ಟ್ ಬೇಕು: “ಐ ಪಾಸ್ಡ್ ಬಿ.ಕಾಂ. ಇನ್ 2019.”

ಈ ತಪ್ಪನ್ನು ಓದುವವರು ಮನ್ನಿಸಿಯಾರು. ಎರಡನೆಯದೇ ತೊಂದರೆ ಕೊಟ್ಟದ್ದು: “ಐ ಹ್ಯಾವ್ ವರ್ಕ್ಡ್ ಇನ್ ಎ ಗಾರ್ಮೆಂಟ್ ಫ್ಯಾಕ್ಟರಿ ಫಾರ್ ತ್ರೀ ಇಯರ್ಸ್.” ಇಲ್ಲಿ ಇಸವಿಯಿಲ್ಲ, ವ್ಯಾಕರಣ ಸರಿಯಾಗಿಯೇ ಇದೆ. ಆದರೆ ‘ಹ್ಯಾವ್’ ಜೊತೆಗೆ ‘ಫಾರ್ ತ್ರೀ ಇಯರ್ಸ್’ ಎಂಬ ಅವಧಿ ಸೇರಿದರೆ, ಮೂರು ವರ್ಷದಿಂದ ಈಗಲೂ ಅಲ್ಲೇ ಇದ್ದಾನೆ ಎಂಬ ಅರ್ಥವೂ ಹೊರಡುತ್ತದೆ. ಅಧಿಕಾರಿಗಳು ಹಾಗೆಯೇ ತಿಳಿದರು. “ಐ ವರ್ಕ್ಡ್ ಇನ್ ಎ ಗಾರ್ಮೆಂಟ್ ಫ್ಯಾಕ್ಟರಿ ಫ್ರಮ್ ಜೂನ್ 2019 ಟು ಮೇ 2022” ಎಂದಿದ್ದರೆ ಸಂಶಯಕ್ಕೆ ಎಡೆಯಿರಲಿಲ್ಲ. ಈಗಲೂ ಅಲ್ಲೇ ಇರುವವನಾದರೆ “ಐ ಹ್ಯಾವ್ ವರ್ಕ್ಡ್ ಹಿಯರ್ ಸಿನ್ಸ್ 2022” ಎನ್ನಬೇಕು. ‘ಸಿನ್ಸ್’ ಅಂದಿನಿಂದ ಇಂದಿನವರೆಗೂ ಬರುವುದರಿಂದ ‘ಹ್ಯಾವ್’ ಅದರೊಡನೆ ಹೊಂದುತ್ತದೆ.

ಇಷ್ಟು ಕೇಳಿದ ಹುಡುಗನು ಉತ್ಸಾಹದಿಂದ ಅರ್ಜಿಯಲ್ಲಿದ್ದ ಎಲ್ಲ ‘ಹ್ಯಾವ್’ಗಳನ್ನೂ ಹೊಡೆದುಹಾಕತೊಡಗಿದನು. “ತಡಿಯಪ್ಪ” ಎಂದೆ. ಕೊನೆಯಲ್ಲಿ “ಐ ಹ್ಯಾವ್ ಲರ್ನ್ಟ್ ಟ್ಯಾಲಿ” ಎಂದಿತ್ತು. ಅದು ಇರಬೇಕಾದದ್ದೇ. ಟ್ಯಾಲಿಯನ್ನು ಯಾವಾಗ ಕಲಿತನೆಂಬುದು ಉಗ್ರಾಣದವರಿಗೆ ಬೇಡ. ಆ ವಿದ್ಯೆ ಇಂದು ಅವನ ಕೈಯಲ್ಲಿದೆಯೇ ಎಂಬುದು ಬೇಕು. ಬರಿಯ “ಐ ಲರ್ನ್ಟ್ ಟ್ಯಾಲಿ” ಎಂದರೆ, ಓದುವವರು ‘ಯಾವಾಗ?’ ಎಂದು ಕಾಯುತ್ತಾರೆ. ಮುಗಿದುಹೋದ ಅನುಭವವಾದರೂ ಕಾಲವನ್ನು ಹೇಳದೆ, ಇಂದಿನ ಯೋಗ್ಯತೆಯಾಗಿ ಮುಂದಿಡುವಾಗ ಪ್ರೆಸೆಂಟ್ ಪರ್ಫೆಕ್ಟೇ ಸರಿ.

ಹಾಗಾದರೆ ಸ್ಟಾಕ್ ರಿಜಿಸ್ಟರ್ ಬರೆದದ್ದನ್ನು ಹೇಗೆ ಹೇಳುವುದು? ಅದು ನಿಲ್ಲುವ ಜಾಗದ ಮೇಲೆ ಹೋಗುತ್ತದೆ. ಅರ್ಜಿಯ ತಲೆಯಲ್ಲಿ ಒಟ್ಟು ಅನುಭವವನ್ನು ಹೇಳುವಾಗ “ಐ ಹ್ಯಾವ್ ಮೇಂಟೇನ್ಡ್ ಸ್ಟಾಕ್ ರಿಜಿಸ್ಟರ್ಸ್” ಎನ್ನಬಹುದು. ಕಾರ್ಖಾನೆಯ ಹೆಸರನ್ನೂ 2019ರಿಂದ 2022 ಎಂಬ ಅವಧಿಯನ್ನೂ ಹೇಳಿಯಾದ ಮೇಲೆ, ಅಲ್ಲಿ ಮಾಡಿದ ಕೆಲಸಗಳೆಲ್ಲ ಆ ಅವಧಿಯೊಳಗೇ ಸೇರುತ್ತವೆ. ವಾಕ್ಯವಾಕ್ಯಕ್ಕೂ ಇಸವಿ ಬರೆಯದಿದ್ದರೂ ಅಲ್ಲಿ “ಐ ಮೇಂಟೇನ್ಡ್” ಎಂದೇ ಬರಬೇಕು.

ಆದುದರಿಂದ, ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಅರ್ಜಿಯನ್ನು ಬರೆದಾಗ, ಒಂದೊಂದು ವಾಕ್ಯದ ಮುಂದೆಯೂ ‘ಯಾವಾಗ?’ ಎಂದು ಕೇಳಿರಿ. ಆ ವಾಕ್ಯವಾಗಲಿ ಅದರ ಹಿಂದಿನದಾಗಲಿ ಮುಗಿದ ಕಾಲವೊಂದನ್ನು ಉತ್ತರವಾಗಿ ಕೊಟ್ಟರೆ ‘ಹ್ಯಾವ್’ ತೆಗೆಯಿರಿ. ಉತ್ತರ ಇಂದಿನವರೆಗೆ ಬಂದರೆ, ಅಥವಾ ಆ ಪ್ರಶ್ನೆಯೇ ಅಲ್ಲಿ ಬೇಡವಾದರೆ, ಅದು ಇರಲಿ. ಕನ್ನಡದ ‘ಇದ್ದೇನೆ’ಯನ್ನು ಕಂಡ ಕಂಡಲ್ಲಿ ‘ಹ್ಯಾವ್’ ಮಾಡದಿದ್ದರೆ, ಬಿಟ್ಟುಬಂದ ಕಾರ್ಖಾನೆಯಲ್ಲಿ ಇನ್ನೂ ಇದ್ದೇನೆಂದು ಬರೆಯುವ ಪ್ರಮಾದ ತಪ್ಪೀತು.