ಗುಡ್ಡದ ಬುಡದಲ್ಲಿ ಎರಡು ಗಂಟು

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾಕ್ಕೆ ಹೋಗುವಾಗ ಹೆದ್ದಾರಿ 66ರ ಪಕ್ಕ ಕಡಿದ ಗುಡ್ಡಗಳನ್ನು ಗಮನಿಸಿರುತ್ತೀರಿ. ಮೇಲೆ ಚಿರೆಕಲ್ಲಿನ ಗಟ್ಟಿ ಪದರ, ಅದರಡಿ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗೋಡೆಯಂತೆ ನಿಲ್ಲುತ್ತದೆ, ಜೂನಿನ ನೀರು ಒಳಗಿಳಿದ ಮೇಲೆ ಕೈಯಲ್ಲಿ ಹಿಡಿದರೆ ಬೆಣ್ಣೆಯಂತೆ ಜಾರುತ್ತದೆ. ಇಲ್ಲಿ ತಡೆಗೋಡೆ ಕಟ್ಟುವವರ ಎಸ್ಟಿಮೇಟಿನಲ್ಲಿ ಈ ಮಣ್ಣಿಗೆ ಎಷ್ಟು ಹಣ ಇಡಬೇಕು, ಅದನ್ನು ಎಲ್ಲಿ ಇಡಬೇಕು ಎನ್ನುವುದೇ ಇವತ್ತಿನ ಮಾತು.

ಒಂದು ಲೆಕ್ಕ ಕಲ್ಪಿಸಿಕೊಳ್ಳೋಣ. ಹೊನ್ನಾವರ–ಕುಮಟಾ ನಡುವೆ ಒಂದು ತಡೆಗೋಡೆ, ಜೊತೆಗೆ ಗಟಾರ. ಕೆಲಸದ ಅಂದಾಜು 400 ಲಕ್ಷ ರೂಪಾಯಿ. ಈಗ ಗೊತ್ತಿರುವ ಅಪಾಯಗಳನ್ನು ಬರೆಯೋಣ. ಬೋರ್ ತೋರಿಸಿದ್ದಕ್ಕಿಂತ ಶೇಡಿ ಆಳಕ್ಕಿದ್ದರೆ 40 ಲಕ್ಷ ಹೆಚ್ಚು ಬೇಕು, ಅದರ ಸಾಧ್ಯತೆ ಶೇ 30. ಅಂದರೆ 12 ಲಕ್ಷದ ತೂಕ. ಮಳೆ ಬೇಗ ಬಂದು ಕೆಲಸ ನಿಂತರೆ 10 ಲಕ್ಷ, ಸಾಧ್ಯತೆ ಶೇ 50, ತೂಕ 5 ಲಕ್ಷ. ಕಲ್ಲಿನ ದರ ಏರುವ ಅಪಾಯಕ್ಕೆ ಇದೇ ರೀತಿ 3 ಲಕ್ಷ. ಒಟ್ಟು 20 ಲಕ್ಷ. ಇದು ಕಂಟಿಂಜೆನ್ಸಿ ರಿಸರ್ವ್. ಸರ್ಕಾರಿ ಎಸ್ಟಿಮೇಟಿನ ಕೊನೆಯ ಸಾಲಿನಲ್ಲಿ ಶೇಕಡಾ ಇಷ್ಟು ಎಂದು ಕಣ್ಣುಮುಚ್ಚಿ ಸೇರಿಸುವ ಮೊತ್ತವನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಆದರೆ ಅದರ ಹಿಂದೆ ಯಾವ ಅಪಾಯವೂ ಬರೆದಿರುವುದಿಲ್ಲ, ಹಾಗಾಗಿ ಯಾವುದಕ್ಕೆ ಖರ್ಚಾಯಿತು ಎಂದು ಕೇಳಲೂ ಆಗುವುದಿಲ್ಲ.

ಈ 20 ಲಕ್ಷ ಕಾಸ್ಟ್ ಬೇಸ್‌ಲೈನಿನ ಒಳಗೇ ಕೂರುತ್ತದೆ. ಬೇಸ್‌ಲೈನ್ 420 ಲಕ್ಷ. ಕೆಲಸದ ಹಣದ ಹರಿವನ್ನು ತಿಂಗಳು ತಿಂಗಳು ಅಳೆಯುವುದು ಇದರ ಎದುರಿಗೆ. ಇದರ ಹೊರಗೆ ಮೇಲಧಿಕಾರಿಗಳು ಇನ್ನೊಂದು ಗಂಟು ಇಟ್ಟುಕೊಳ್ಳುತ್ತಾರೆ, 25 ಲಕ್ಷ ಎನ್ನಿ. ಯಾರೂ ಊಹಿಸದೆ ಎದುರಾಗುವ ಕೆಲಸಕ್ಕೆ ಇಟ್ಟ ಈ ಹಣ ಮ್ಯಾನೇಜ್‌ಮೆಂಟ್ ರಿಸರ್ವ್. ಇಡೀ ಯೋಜನೆಯ ಬಜೆಟ್ 445 ಲಕ್ಷ, ಆದರೆ ಬೇಸ್‌ಲೈನ್ 420 ಮಾತ್ರ.

ಅಗೆದಾಗ ಶೇಡಿ ನಿಜಕ್ಕೂ ಆಳಕ್ಕೇ ಇತ್ತು ಎನ್ನೋಣ. ಅದೃಷ್ಟಕ್ಕೆ 18 ಲಕ್ಷದಲ್ಲಿ ನಿಭಾಯಿಸಿದರು. ಇಂಜಿನಿಯರು ಕಂಟಿಂಜೆನ್ಸಿಯಿಂದ 18 ಲಕ್ಷವನ್ನು ಅಡಿಪಾಯದ ಲೆಕ್ಕಕ್ಕೆ ವರ್ಗಾಯಿಸುತ್ತಾರೆ. ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು, ಬೇಸ್‌ಲೈನ್ 420ರಲ್ಲೇ ನಿಂತಿತು. ಇನ್ನೂ ಸ್ವಲ್ಪ ಅಗೆದಾಗ ಯಾವ ನಕ್ಷೆಯಲ್ಲೂ ಇಲ್ಲದ, ಹೂತುಹೋದ ಹಳೆಯ ಬಾವಿ ಸಿಕ್ಕಿತು. ಅದನ್ನು ತುಂಬಿಸಿ ನೀರಿಗೆ ದಾರಿ ಮಾಡಲು 9 ಲಕ್ಷ. ಇದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಇಂಜಿನಿಯರು ಬದಲಾವಣೆಯ ಪ್ರಸ್ತಾವ ಬರೆದು ಮೇಲಕ್ಕೆ ಕಳಿಸಬೇಕು. ಒಪ್ಪಿಗೆ ಬಂದ ಮೇಲೆ ಮ್ಯಾನೇಜ್‌ಮೆಂಟ್ ರಿಸರ್ವ್ 16ಕ್ಕಿಳಿಯುತ್ತದೆ, ಬೇಸ್‌ಲೈನ್ 429ಕ್ಕೇರುತ್ತದೆ, ಒಟ್ಟು 445 ಹಾಗೇ ಉಳಿಯುತ್ತದೆ. ಮ್ಯಾನೇಜ್‌ಮೆಂಟ್ ರಿಸರ್ವಿನ ಹಣ ಬೇಸ್‌ಲೈನಿಗೆ ಬರುವುದು ಹೀಗೆ ಒಪ್ಪಿಗೆಯ ಬಾಗಿಲಿನಿಂದ ಮಾತ್ರ.

ಮೊದಲೇ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ 445 ಎಂದರೆ ಏನಾಗುತ್ತದೆ? ಬಾವಿ ಸಿಗುವ ಮೊದಲು ಅರ್ಧ ಕೆಲಸ ಮುಗಿದಿದೆ, 225 ಲಕ್ಷ ಖರ್ಚಾಗಿದೆ ಎನ್ನಿ. ಸರಿಯಾದ ಬೇಸ್‌ಲೈನಿನಲ್ಲಿ ಆದ ಕೆಲಸದ ಬೆಲೆ 210 ಲಕ್ಷ, ರೂಪಾಯಿಗೆ 93 ಪೈಸೆಯ ಕೆಲಸ. 445ರಲ್ಲಿ ಅಳೆದರೆ ಬೆಲೆ 222.5 ಲಕ್ಷ, ರೂಪಾಯಿಗೆ 99 ಪೈಸೆ. ಇದೇ ಗತಿಯಲ್ಲಿ ಹೋದರೆ ಕೊನೆಯ ಖರ್ಚು ಎರಡರಲ್ಲೂ 450 ಲಕ್ಷವೇ. ಆದರೆ ಮೊದಲನೆಯ ಕಾಗದ 30 ಲಕ್ಷ ಮೀರುತ್ತಿದೆ ಎಂದು ಹೇಳುತ್ತದೆ, ಎರಡನೆಯದು ಬರೀ 5 ಲಕ್ಷ ಎನ್ನುತ್ತದೆ. ಈ ಎರಡನೆಯ ಕಾಗದ ನೋಡಿದವರು ಸುಮ್ಮನಿರುತ್ತಾರೆ. ನನಗೆ ಅತ್ಯಂತ ಕಳವಳ ತರುವುದು ಈ ಸುಮ್ಮನಿರುವಿಕೆಯೇ.

ಯಾವುದು ಯಾವ ಗಂಟಿಗೆ ಎನ್ನುವುದು ಕಾಲದೊಂದಿಗೆ ಬದಲಾಗುತ್ತದೆ. 1990ರಲ್ಲಿ ರಚನೆಯಾದ ಕೊಂಕಣ ರೈಲ್ವೆ ನಿಗಮ ಈ ಕರಾವಳಿಯ ಮೆದುಮಣ್ಣಿನಲ್ಲಿ ಸುರಂಗ ಕೊರೆದು, ಶರಾವತಿಗೆ 2 ಕಿ.ಮೀ.ಗೂ ಉದ್ದದ ಸೇತುವೆ ಕಟ್ಟಿ, 1998ರಲ್ಲಿ ಪೂರ್ತಿ ಮಾರ್ಗ ತೆರೆಯಿತು. ಆಗ ಸುರಂಗದೊಳಗೆ ಕುಸಿದ ಮಣ್ಣು ಅಚ್ಚರಿಯಾಗಿದ್ದಿರಬಹುದು. ಈಗ ಹಾಗೆನ್ನುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದ ನಂತರ, ಇಲ್ಲಿ ಗುಡ್ಡ ಕಡಿಯುವ ಯಾವ ಕೆಲಸದಲ್ಲೂ ಕುಸಿತವನ್ನು ಊಹಿಸಲಾಗದ್ದು ಎಂದು ಬರೆಯುವಂತಿಲ್ಲ. ಅದರ ಸಾಧ್ಯತೆ, ಅದರ ಖರ್ಚು ಕಂಟಿಂಜೆನ್ಸಿಯ ಪಟ್ಟಿಯಲ್ಲೇ ಬರಬೇಕು.

ನಮ್ಮ ತಡೆಗೋಡೆಗೆ ಮರಳೋಣ. ಶೇಡಿಗೆ 18 ಹೋದ ಮೇಲೆ ಕಂಟಿಂಜೆನ್ಸಿಯಲ್ಲಿ ಉಳಿದದ್ದು 2 ಲಕ್ಷ. ಮಳೆಯ ಅಪಾಯ ಇನ್ನೂ ಮುಂದಿದೆ, ಅದರ ತೂಕ 5 ಲಕ್ಷ, ಕಲ್ಲಿನ ದರದ್ದು 3. ಅಂದರೆ 8 ಬೇಕು, 2 ಇದೆ. ತೂಕದ ಲೆಕ್ಕ ಸರಾಸರಿ ಮಾತ್ರ. ಒಂದು ದೊಡ್ಡ ಅಪಾಯ ನಿಜವಾದರೆ ಉಳಿದವುಗಳ ಪಾಲನ್ನೂ ಅದು ತಿಂದುಬಿಡುತ್ತದೆ. ಹಾಗಾಗಿ ಪ್ರತಿ ತಿಂಗಳು ಉಳಿದ ರಿಸರ್ವನ್ನು ಉಳಿದ ಅಪಾಯಗಳ ಪಕ್ಕದಲ್ಲಿಟ್ಟು ನೋಡಬೇಕು. ಆ 6 ಲಕ್ಷದ ಕೊರತೆ ಮಾರ್ಚಿನ ವರದಿಯಲ್ಲೇ ಕಾಣಿಸಿದರೆ, ಏಪ್ರಿಲ್‌ನಲ್ಲಿ ಇನ್ನೊಂದು ತಂಡ ಹಚ್ಚಿ ಮಳೆಗೆ ಮುಂಚೆ ಗಟಾರ ಮುಗಿಸಬಹುದು.